ಪರೀಕ್ಷೆಯ ಬಾಗಿಲಲ್ಲಿ ‘ಕುಂಯ್’ ಎಂದದ್ದು ಯಾವುದು?

ಹೋದ ವರ್ಷ ಶಿರಹಟ್ಟಿಯಿಂದ ನನ್ನ ತಂಗಿಯ ಮಗಳು ಸರಕಾರಿ ನೌಕರಿಯ ಪರೀಕ್ಷೆ ಬರೆಯಲು ಬೆಟಗೇರಿಯ ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ಗದಗದ ಕೇಂದ್ರಕ್ಕೆ ನಾನೇ ಜೊತೆಗೆ ಹೋದೆ. ಫೋನು, ಕೈಗಡಿಯಾರ ಎಲ್ಲ ನನ್ನ ಚೀಲದಲ್ಲಿಟ್ಟಿದ್ದೆವು. ಆದರೂ ಬಾಗಿಲಲ್ಲಿ ಮಹಿಳಾ ಸಿಬ್ಬಂದಿ ಕೋಲಿನಂಥ ಯಂತ್ರ ಆಡಿಸಿದಾಗ ಅದು ಸೊಂಟದ ಹತ್ತಿರ ‘ಕುಂಯ್’ ಎಂದಿತು. ಚೂಡಿದಾರದ ಜೇಬಿನಲ್ಲಿ ಹಿಂದಿನ ದಿನ ಬಸ್ಸಿನಲ್ಲಿ ಹಾಡು ಕೇಳಿದ ಇಯರ್‌ಫೋನ್!

“ದೊಡ್ಡವ್ವಾ, ನಾ ಮರತೇ ಬಿಟ್ಟೇನಿ” ಎಂದು ಹುಡುಗಿ ಅತ್ತೇಬಿಟ್ಟಳು. ಸಿಬ್ಬಂದಿ ಒಳ್ಳೆಯವರು. “ಹೊರಗ ಕೊಟ್ಟು ಬಾರವಾ. ಇದು ಒಳಗ ಸಿಕ್ಕಿದ್ರ ನಿನ್ನ ಹೆಸರು ಬರಕೋಬೇಕಾಗ್ತಿತ್ತು” ಎಂದರು.

ಈ ಯಂತ್ರ ಫೋನನ್ನು ಗುರುತಿಸುವುದಿಲ್ಲ, ಲೋಹವನ್ನಷ್ಟೇ ಗುರುತಿಸುತ್ತದೆ. ಅದರೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಸುತ್ತ ಕಾಂತದ ಸೆಳೆತ ಹುಟ್ಟುತ್ತದೆ. ಲೋಹ ಹತ್ತಿರ ಬಂದರೆ ಆ ಸೆಳೆತ ಕದಡುತ್ತದೆ, ಯಂತ್ರ ಕೂಗುತ್ತದೆ. ಹಾಗಾಗಿ ‘ಆಫ್ ಮಾಡೇನ್ರೀ’ ಎಂದರೆ ಪ್ರಯೋಜನವಿಲ್ಲ. ಬ್ಯಾಟರಿ ಸತ್ತ ಸ್ಮಾರ್ಟ್‌ವಾಚಿಗೂ ಅದು ಕೂಗುತ್ತದೆ, ಪಿನ್ನಿಗೂ ಹುಕ್ಕಿಗೂ ಕೂಗಬಹುದು. ಕೂಗಿದ ಜಾಗವನ್ನು ಕೈಯಿಂದ, ಕಣ್ಣಿಂದ ನೋಡಿಯೇ ತೀರಬೇಕು.

ಇದರ ಮಿತಿಯೂ ಅಲ್ಲೇ ಇದೆ. ಕಿವಿಯೊಳಗೆ ಕೂಡುವ ಕಾಳಿನಷ್ಟು ಸಾಧನದಲ್ಲಿ ಲೋಹ ಬಹಳ ಕಡಿಮೆ, ತಪ್ಪಿಹೋಗಬಹುದು. 2023ರ ಅಕ್ಟೋಬರ್ 28ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಇಟ್ಟುಕೊಂಡವರು ಸಿಕ್ಕಿಬಿದ್ದರು. ಮುಂದಿನ ತಿಂಗಳ ಪರೀಕ್ಷೆಗೆ ತುಂಬು ತೋಳಿನ ಅಂಗಿ, ಒಡವೆ ಬೇಡವೆಂದರು. ಹೆಂಗಸರಿಗೆ ತಾಳಿ, ಕಾಲುಂಗುರ ಮಾತ್ರ ಬಿಟ್ಟರು.

ಇನ್ನು ಶಿಕ್ಷೆಯ ಮಾತು. ನೇಮಕಾತಿ ಪರೀಕ್ಷೆಯಲ್ಲಿ ನಕಲು ಮಾಡಿದ ಅಭ್ಯರ್ಥಿಗೆ ರಾಜ್ಯದ 2023ರ ಕಾಯಿದೆಯಲ್ಲಿ 5 ವರ್ಷದವರೆಗೆ ಸೆರೆ, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಇದೆ. ಅದು ನಕಲಿಗೆ. ಮರೆತು ತಂದವರನ್ನು ಹಿಡಿಯುವುದು ಪರೀಕ್ಷೆ ನಡೆಸುವವರ ನಿಯಮ. ಕೇಂದ್ರ ಲೋಕಸೇವಾ ಆಯೋಗದ ನಿಯಮದಲ್ಲಿ ಆಫ್ ಆದ ಫೋನೂ ನಿಷಿದ್ಧ. ಮೀರಿದರೆ ಮುಂದಿನ ಪರೀಕ್ಷೆಗಳಿಗೂ ನಿರ್ಬಂಧ ಹಾಕಬಹುದು. ಸಿಬಿಎಸ್‌ಇ ಬೋರ್ಡ್ ಪರೀಕ್ಷೆಗೆ 2025ರಿಂದ ಆ ವರ್ಷ, ಮರುವರ್ಷ ಎರಡೂ ಹೋಗುವ ನಿಯಮ ಬಂದಿದೆ. ಬಳಸಿಲ್ಲ ಎಂದರೂ, ಸಿಕ್ಕಿದ್ದೇ ಸಾಕು.

ಆದ್ದರಿಂದ ಸೋದರಿಯರೇ, ಹಿಂದಿನ ರಾತ್ರಿಯೇ ಮಕ್ಕಳ ಬಟ್ಟೆಯ ಜೇಬುಗಳನ್ನು ತಿರುವಿ ಹಾಕಿರಿ. ಮರೆತದ್ದೇನಾದರೂ ಸಿಕ್ಕರೆ ತಪಾಸಣೆಗೆ ಮೊದಲೇ ತಾವೇ ಹೇಳಲಿ. ಸಾಮಾನು ಇಟ್ಟುಕೊಳ್ಳುವ ವ್ಯವಸ್ಥೆ ಕೇಂದ್ರದಲ್ಲಿ ಇರುತ್ತದೆಂದು ನಂಬಬೇಡಿರಿ. ಮುಂಡರಗಿ, ಲಕ್ಷ್ಮೇಶ್ವರದಿಂದ ಒಬ್ಬರೇ ಬರುವ ಮಕ್ಕಳು ಅವನ್ನು ಮನೆಯಲ್ಲೇ ಬಿಟ್ಟು ಬರಲಿ. ಅವೊತ್ತು ನಾನು ಬಾಗಿಲ ಹೊರಗೇ ನಿಂತಿದ್ದೆ, ಹುಡುಗಿ ಪರೀಕ್ಷೆ ಬರೆದಳು.