ಮೂರು ನಿಮಿಷದ ಪಿಚ್‌ಗೆ ಒಂದೇ ಅಳತೆಗೋಲು

ಹೂಡಿಕೆದಾರರ ಮುಂದೆ ಹೊಸ ಕಂಪನಿಯವರಿಗೆ ಎಷ್ಟೋ ಸಲ ಸಿಗುವುದು ಮೂರೇ ನಿಮಿಷ. ಸಮಸ್ಯೆ ಏನು, ಮಾರುಕಟ್ಟೆ ಎಷ್ಟು ದೊಡ್ಡದು, ಈವರೆಗೆ ಏನಾಗಿದೆ, ಎಷ್ಟು ಹಣ ಬೇಕು ಎಂಬ ನಾಲ್ಕೂ ಅಷ್ಟರಲ್ಲೇ ಮುಗಿಯಬೇಕು. ಚೆನ್ನಾಗಿ ಬರೆದುಕೊಂಡು ಹೋದವರೂ ಎಡವುವ ಜಾಗ ಒಂದಿದೆ. ಮಾರುಕಟ್ಟೆಯನ್ನು ಕೋಟಿ ರೂಪಾಯಿಗಳಲ್ಲಿ ಹೇಳುತ್ತಾರೆ, ಬೆಳವಣಿಗೆಯನ್ನು ಆ್ಯಪ್ ಡೌನ್‌ಲೋಡ್‌ಗಳಲ್ಲಿ, ಹಣದ ಬೇಡಿಕೆಯನ್ನು ಸಿಬ್ಬಂದಿಯ ಸಂಬಳದಲ್ಲಿ. ಕೇಳುವವರಿಗೆ ಒಂದು ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದೇ ಇಲ್ಲ.

ಏರ್‌ಬಿಎನ್‌ಬಿ ಕಂಪನಿಯ ಆರಂಭದ ದಿನಗಳ ಪಿಚ್ ಇಂದು ಯಾರು ಬೇಕಾದರೂ ನೋಡಬಹುದು. ಅದರ ದೊಡ್ಡ ಗುಣವೆಂದರೆ ಎಲ್ಲವನ್ನೂ ಒಂದೇ ಅಳತೆಯಲ್ಲಿ, ಅಂದರೆ ಬುಕ್ ಆದ ಪ್ರವಾಸಗಳಲ್ಲಿ, ಎಣಿಸಿದ್ದು.

ಸಮಸ್ಯೆಗೆ ಅರ್ಧ ನಿಮಿಷ ಸಾಕು: ಹೋಟೆಲ್ ದುಬಾರಿ, ಸ್ಥಳೀಯರ ಮನೆಯಲ್ಲಿ ಕೋಣೆ ಕಾದಿರಿಸಲು ಸುಲಭದ ದಾರಿಯಿಲ್ಲ. ಇದು ಸ್ಥಾಪಕರು ಕಣ್ಣಾರೆ ಕಂಡದ್ದು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿನ್ಯಾಸ ಸಮ್ಮೇಳನಕ್ಕೆ ಹೋಟೆಲ್‌ಗಳೆಲ್ಲ ತುಂಬಿದ್ದಾಗ ಅವರು ತಮ್ಮ ಮನೆಯಲ್ಲಿ ಗಾಳಿ ತುಂಬುವ ಹಾಸಿಗೆ ಹಾಕಿ ಮೂವರಿಗೆ ಜಾಗ ಕೊಟ್ಟಿದ್ದರು. ಮಾರುಕಟ್ಟೆಯ ಭಾಗದಲ್ಲಿ ಜಗತ್ತಿನ ಒಟ್ಟು ಪ್ರವಾಸಗಳಿಂದ ಹೊರಟು, ಅದರಲ್ಲಿ ಕಡಿಮೆ ಖರ್ಚಿನವು ಎಷ್ಟು, ತಮಗೆ ಸಿಗಬಹುದಾದವು ಎಷ್ಟು ಎಂದು ಇಳಿದು ಬಂದರು. ಅಪರಿಚಿತರ ಮನೆಯಲ್ಲಿ ಯಾರು ಮಲಗುತ್ತಾರೆ ಎಂಬ ಅನುಮಾನಕ್ಕೂ ಉತ್ತರವಿತ್ತು: ಕೌಚ್‌ಸರ್ಫಿಂಗ್ ಎಂಬ ತಾಣದಲ್ಲಿ ಆಗಲೇ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು.

ಹಣ ಕೇಳುವ ಮಾತಂತೂ ಪಾಠವಾಗಿ ಓದುವಂಥದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ನಮಗೆ 5 ಲಕ್ಷ ಡಾಲರ್ ಬೇಕು. ಅದರಲ್ಲಿ 12 ತಿಂಗಳು ಕಂಪನಿ ನಡೆಸಿ 80,000 ಪ್ರವಾಸ ಬುಕ್ ಮಾಡಿಸುತ್ತೇವೆ. ಒಂದಕ್ಕೆ ನಮಗೆ ಉಳಿಯುವ ಶುಲ್ಕ 25 ಡಾಲರ್. ಒಟ್ಟು ಆದಾಯ 20 ಲಕ್ಷ ಡಾಲರ್.’ ಹಣ, ಅವಧಿ, ಗುರಿ ಮೂರೂ ಇವೆ, ಗುಣಾಕಾರವನ್ನು ಕೇಳುವವರು ಕೂತಲ್ಲೇ ಮಾಡಿ ನೋಡಬಹುದು.

ದುರ್ಬಲವಾಗಿದ್ದದ್ದು ಈವರೆಗಿನ ಸಾಧನೆಯ ಭಾಗ. 2008ರ ಆಗಸ್ಟ್‌ನಲ್ಲಿ ಡೆನ್ವರ್‌ನ ರಾಜಕೀಯ ಸಮಾವೇಶಕ್ಕೆ ಸುಮಾರು 80 ಬುಕಿಂಗ್ ಬಂದಿದ್ದವು, ಸಮಾವೇಶ ಮುಗಿಯುತ್ತಲೇ ಬೇಡಿಕೆ ಕುಸಿಯಿತು. ಅನುಭವಿ ಹೂಡಿಕೆದಾರರು ಕೈ ಇಡುವುದೇ ಇಲ್ಲಿ. ಹಬ್ಬದ ವಾರದ ಸಂಖ್ಯೆ ಅವರಿಗೆ ಬೇಡ, ಮರುವಾರ ಎಷ್ಟು ಜನ ಮತ್ತೆ ದುಡ್ಡು ಕೊಟ್ಟರು ಎಂದು ಕೇಳುತ್ತಾರೆ. ಬರೆಯುವಾಗ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಭಾಗಕ್ಕೇ. ಸಂಖ್ಯೆ ಚಿಕ್ಕದಾದರೂ ಅದು ತಿಂಗಳಿಂದ ತಿಂಗಳಿಗೆ ಹೇಗೆ ಏರಿತೆಂದು ತೋರಿಸಿದರೆ ಗುರಿಯ ಮೇಲೆ ನಂಬಿಕೆ ಬರುತ್ತದೆ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಹಣ ಬರುತ್ತದೆ ಎಂದೂ ಇಲ್ಲ. 2008ರ ಜೂನ್‌ನಲ್ಲಿ ಶೇ. 10ರಷ್ಟು ಪಾಲಿಗೆ ಒಂದೂವರೆ ಲಕ್ಷ ಡಾಲರ್ ಕೇಳಿದಾಗ ಏಳು ಹೂಡಿಕೆದಾರರಲ್ಲಿ ಐವರು ಒಲ್ಲೆ ಎಂದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಮಾರುಕಟ್ಟೆ ಸಾಕಷ್ಟು ದೊಡ್ಡದಲ್ಲ ಎಂಬುದು ಒಬ್ಬರು ಕೊಟ್ಟ ಕಾರಣ. 2009ರ ಏಪ್ರಿಲ್‌ನಲ್ಲಿ ಸಿಕೋಯಾ ಸಂಸ್ಥೆ ಮುಂದೆ ಬಂದಾಗ ಏರ್‌ಬಿಎನ್‌ಬಿಗೆ ಸಿಕ್ಕಿದ್ದು ಸುಮಾರು 6 ಲಕ್ಷ ಡಾಲರ್.