ಕೊಳಲಿನ ರೆಕಾರ್ಡಿಂಗ್: ಗಾಳಿ ಸದ್ದು ತುಟಿಯದಾ, ಮೈಕಿನದಾ?

ಈ ಸಲದ ವಿಡಿಯೋ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಕ್ಲಿಪ್ ಕೇಳಿಸಿದ ಕಡೆ ಇಲ್ಲಿ ಅಳತೆ, ಅಂಕಿ ಬರೆದಿದ್ದೀನಿ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನನ್ನ ಗೆಳೆಯನೊಬ್ಬ ಧಾರವಾಡದ ಗುರುಗಳ ಹತ್ತಿರ ಬಾನ್ಸುರಿ ಕಲೀತಿದ್ದಾನೆ. ವಾರಕ್ಕೊಂದು ರೆಕಾರ್ಡಿಂಗ್ ಕಳಿಸ್ತಾನೆ, ಅವರು ಕೇಳಿ ತಿದ್ದುತ್ತಾರೆ. ಒಂದು ಸಲ ಅವರು ಹೇಳಿದರಂತೆ: "ಗಾಳಿ ಭಾಳ ಸೋರ್ಲಿಕ್ಕತ್ತದ ನೋಡಪಾ. ಮ್ಯಾಲಿನ ಸ್ವರ ಕಿವಿಗೆ ಚುಚ್ಚತದ." ಇವನು ಮೂರು ತಿಂಗಳು ತುಟಿ ಬಿಗಿ ಮಾಡೋ ಅಭ್ಯಾಸ ಮಾಡಿದ. ದೀಪಾವಳಿ ರಜೆಗೆ ಊರಿಗೆ ಹೋದಾಗ ಎದುರಿಗೇ ಕೂತು ಊದಿದ. ಗುರುಗಳು ಕೇಳಿ, "ಛಲೋ ಅದ ಅಲ್ಲೋ, ಹಂಗಾರ ಅದೇನದು ರೆಕಾರ್ಡಿಂಗ್‌ನ್ಯಾಗ?" ಅಂದರಂತೆ.

ಅಂದರೆ ಮೂರು ತಿಂಗಳು ಅವನು ತಿದ್ದಿದ್ದು ಮೈಕಿನ ತಪ್ಪನ್ನ, ತುಟಿಯ ಮೇಲೆ. ಹಾಗಾಗಿ ಮೊದಲು ತಿಳ್ಕೋಬೇಕಾದ್ದು ಸದ್ದು ಎಲ್ಲಿಂದ ಬರ್ತಿದೆ ಅನ್ನೋದು. ಅದು ಗೊತ್ತಾದ ಮೇಲೆ ಪರಿಹಾರ ಹೆಚ್ಚು ಕಷ್ಟ ಇಲ್ಲ.

ಮೈಕ್ ಎಲ್ಲಿತ್ತು

ಅವನ ಹತ್ರ ಇದ್ದದ್ದು ಒಂದು ಸಾಧಾರಣ ಕಂಡೆನ್ಸರ್ ಮೈಕ್. ಅದನ್ನ ಬಾಯಿಗೆ ನೇರ ಎದುರಿಗೆ, 10 ಸೆಂಟಿಮೀಟರ್ ದೂರದಲ್ಲಿ ಇಟ್ಟಿದ್ದ. ಹಾಡುವವರು ಹಾಗೇ ಇಡ್ತಾರಲ್ಲ ಅಂತ. ಕೊಳಲಿಗೆ ಇದು ಎರಡು ಕಾರಣಕ್ಕೆ ತಪ್ಪು.

ಒಂದು, ಗಾಳಿಯ ದಾರಿ. ಊದೋ ತೂತಿನ ಅಡ್ಡಕ್ಕೆ ನಾವು ಬಿಟ್ಟ ಗಾಳಿ ಎದುರಿನ ಅಂಚಿಗೆ ಬಡಿಯುತ್ತೆ. ಸ್ವಲ್ಪ ಕೊಳಲಿನೊಳಗೆ ಹೋಗುತ್ತೆ, ಉಳಿದದ್ದು ಮುಂದಕ್ಕೆ, ಸ್ವಲ್ಪ ಕೆಳಮುಖವಾಗಿ ಹಾರಿಹೋಗುತ್ತೆ. ಬಾಯಿಯ ಎದುರಿಗೆ ಮೈಕ್ ಇದ್ದರೆ ಆ ಗಾಳಿ ಸೀದಾ ಮೈಕಿನ ಪೊರೆಗೆ ಹೊಡೆಯುತ್ತೆ.

ಎರಡು, ನಾದದ ದಾರಿ. ನಾದ ಊದೋ ತೂತಿನಿಂದ ಮಾತ್ರ ಹೊರಗೆ ಬರೋದಿಲ್ಲ. ಬೆರಳಿನ ತೂತುಗಳಲ್ಲಿ ತೆರೆದಿರೋ ಮೊದಲನೇದ್ದರಿಂದಲೂ ಬರುತ್ತೆ, ಎಲ್ಲಾ ಮುಚ್ಚಿದ್ದರೆ ಕೊಳಲಿನ ತುದಿಯಿಂದ. ಸ್ವರ ಬದಲಾದ ಹಾಗೆ ಈ ಜಾಗವೂ ಓಡಾಡುತ್ತೆ. 10 ಸೆಂಟಿಮೀಟರ್ ದೂರದ ಮೈಕಿಗೆ ಕೊಳಲಿನ ಒಂದು ತುಂಡು ಮಾತ್ರ ಕೇಳಿಸುತ್ತೆ. ಅದೂ ಬಾಯಿಯ ಪಕ್ಕದ ತುಂಡು, ಅಂದರೆ 'ಶ್' ಅನ್ನೋ ಉಸಿರಿನ ಸದ್ದು ಅತಿ ಹೆಚ್ಚಿರೋ ಜಾಗ.

ಎರಡು ಥರ ಗಾಳಿ ಸದ್ದು

ಅವನ ಹಳೇ ಫೈಲನ್ನ ಆಡಾಸಿಟಿಯಲ್ಲಿ ತೆಗೆದು ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಹಾಕಿದ್ವಿ. ಪ್ರತಿ ಸ್ವರ ಶುರುವಾಗೋ ಕಡೆ ತಳದಲ್ಲಿ, 100 ಹರ್ಟ್ಸ್‌ಗಿಂತ ಕೆಳಗೆ, ದಪ್ಪ ಕಲೆ ಕಾಣ್ತಿತ್ತು. ಕಿವಿಗೆ ಅದು 'ಧುಪ್' ಅಂತ ಕೇಳಿಸುತ್ತೆ. ಇದು ಮೈಕಿಗೆ ಗಾಳಿ ಹೊಡೆದದ್ದು, ಕೊಳಲಿನ ನಾದವೇ ಅಲ್ಲ. ಅವನದು ಇ ಶ್ರುತಿಯ ಬಾನ್ಸುರಿ. ಆರೂ ತೂತು ಮುಚ್ಚಿದಾಗ ಬರೋ ಮಂದ್ರ ಪಂಚಮವೇ ಅದರ ತೀರ ಕೆಳಗಿನ ಸ್ವರ, ಅದು 247 ಹರ್ಟ್ಸ್. ಅದಕ್ಕಿಂತ ತುಂಬಾ ಕೆಳಗೆ ಇರೋದೆಲ್ಲ ಗಾಳಿ, ಫ್ಯಾನು, ರಸ್ತೆಯ ಗದ್ದಲ.

ಇನ್ನೊಂದು 'ಶ್' ಸದ್ದು. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಇದು 2000 ಹರ್ಟ್ಸ್‌ನಿಂದ ಮೇಲಕ್ಕೆ ಮಂಜಿನ ಹಾಗೆ ಹರಡಿರುತ್ತೆ. ಗಾಳಿ ಅಂಚಿಗೆ ಬಡಿದು ಚೆದುರುವಾಗ ಹುಟ್ಟೋ ನಿಜವಾದ ಶಬ್ದ ಇದು. ಸ್ವಲ್ಪ ಇರಲೇಬೇಕು, ಇಲ್ಲದಿದ್ದರೆ ಕೊಳಲು ಕೀಬೋರ್ಡಿನ ಫ್ಲೂಟ್ ಥರ ಕೇಳಿಸುತ್ತೆ. ಆದರೆ ಇದು ಎಷ್ಟಿದೆ ಅನ್ನೋದು ತುಟಿಯ ಮೇಲೂ ನಿಂತಿದೆ, ಮೈಕಿನ ಜಾಗದ ಮೇಲೂ ನಿಂತಿದೆ.

ಯಾರದ್ದು ಅಂತ ತಿಳಿಯೋಕೆ ಸುಲಭದ ದಾರಿ ಇದು. ಮನೆಯವರನ್ನ ಯಾರನ್ನಾದರೂ ಎರಡು ಮೀಟರ್ ದೂರ ಕೂರಿಸಿ, ತಾರ ಷಡ್ಜವನ್ನ ಹತ್ತು ಸೆಕೆಂಡ್ ಹಿಡೀರಿ. ಅದೇ ಹೊತ್ತಿಗೆ ಹತ್ತಿರದ ಮೈಕ್ ರೆಕಾರ್ಡ್ ಆಗ್ತಿರಲಿ. ಆಮೇಲೆ ಅವರಿಗೆ ರೆಕಾರ್ಡಿಂಗ್ ಕೇಳಿಸಿ. ದೂರ ಕೂತವರಿಗೂ ಅಷ್ಟೇ 'ಶ್' ಕೇಳಿದ್ದರೆ ಅದು ತುಟಿಯ ಕೆಲಸ, ಗುರುಗಳು ಹೇಳಿದ್ದು ಸರಿ. ಅವರಿಗೆ ನಾದ ಮಾತ್ರ ಕೇಳಿ, ರೆಕಾರ್ಡಿಂಗ್‌ನಲ್ಲಿ 'ಶ್' ಜಾಸ್ತಿ ಇದ್ದರೆ ಮೈಕನ್ನ ಸರಿಸಬೇಕು. ದೂರದಲ್ಲಿ ಜನರ ಬದಲು ಫೋನ್ ಇಡಬೇಡಿ. ಬಹಳಷ್ಟು ಫೋನ್ ರೆಕಾರ್ಡರ್‌ಗಳು ಇಂಥ ಸದ್ದನ್ನ ತಾವೇ ಕಡಿಮೆ ಮಾಡಿಬಿಡ್ತವೆ, ಹೋಲಿಕೆ ತಪ್ಪಾಗುತ್ತೆ.

ಎಲ್ಲಿ ಇಡಬೇಕು

ನಾವು ಮೈಕನ್ನ ಅವನ ಹಣೆಯ ಎತ್ತರಕ್ಕೆ ಏರಿಸಿದ್ವಿ. ಕೊಳಲಿನಿಂದ 30 ಸೆಂಟಿಮೀಟರ್, ಅಂದರೆ ಒಂದೂವರೆ ಗೇಣಿಗಿಂತ ಸ್ವಲ್ಪ ಕಡಿಮೆ ದೂರ. ಅಲ್ಲಿಂದ ಕೆಳಮುಖವಾಗಿ ತಿರುಗಿಸಿದ್ವಿ. ಗುರಿ ಬಾಯಿಯಲ್ಲ, ಊದೋ ತೂತಿಗೂ ಮೊದಲನೇ ಬೆರಳಿಗೂ ನಡುವಿನ ಬಿದಿರು. ಈಗ ಗಾಳಿ ಮೈಕಿನ ಕೆಳಗಿಂದ ಹೋಗುತ್ತೆ, ನಾದ ಎರಡೂ ಕಡೆಯಿಂದ ಬಂದು ಸೇರುತ್ತೆ.

ಜಾಗ ಸರಿ ಇದೆಯಾ ಅಂತ ನೋಡೋಕೆ ಟಿಶ್ಯೂ ಪೇಪರಿನ ಒಂದು ಪಟ್ಟಿ ಸಾಕು. ಮೈಕಿನ ಮುಂದೆ ಅದನ್ನ ತೂಗುಬಿಟ್ಟು, ತಾರ ಸಪ್ತಕದಲ್ಲಿ ಜೋರಾಗಿ ಊದಿ. ಪಟ್ಟಿ ಅಲ್ಲಾಡಿದರೆ ಮೈಕ್ ಇನ್ನೂ ಗಾಳಿಯ ದಾರಿಯಲ್ಲೇ ಇದೆ. ಇನ್ನಷ್ಟು ಮೇಲಕ್ಕೆ ಅಥವಾ ಬೆರಳುಗಳ ಕಡೆಗೆ ಸರಿಸಿ. ಸ್ಪಂಜಿನ ಟೋಪಿ 'ಧುಪ್' ಅನ್ನ ತಗ್ಗಿಸುತ್ತೆ, ಆದರೆ 'ಶ್' ಹೋಗಲ್ಲ. ಜಾಗದ ತಪ್ಪನ್ನ ಅದು ಮುಚ್ಚಲ್ಲ.

ಇನ್ನೂ ದೂರ ಇಟ್ಟರೆ ಒಳ್ಳೇದಲ್ವಾ ಅಂತ ಕೇಳಬಹುದು. ದಪ್ಪ ಪರದೆ, ಹಾಸಿಗೆ ಇರೋ ಶಾಂತವಾದ ಕೋಣೆಯಲ್ಲಿ ಹೌದು. ಬಾಡಿಗೆ ಫ್ಲ್ಯಾಟಿನ ಬೋಳು ಗೋಡೆಯ ಕೋಣೆಯಲ್ಲಿ ಒಂದು ಮೀಟರ್ ದೂರ ಹೋದರೆ ಕೊಳಲಿಗಿಂತ ಕೋಣೆಯ ಪ್ರತಿಧ್ವನಿ, ಪಕ್ಕದ ಮನೆ ಕುಕ್ಕರ್ ಜಾಸ್ತಿ ಕೇಳಿಸುತ್ತೆ. ಹತ್ತಿರದಿಂದ ರೆಕಾರ್ಡ್ ಮಾಡೋದು ಅದಕ್ಕೇ.

ಗೇನ್ ಇಡೋದು ಕೆಳಗಿನ ಸ್ವರಕ್ಕಲ್ಲ

ಬಾನ್ಸುರಿಯಲ್ಲಿ ತಾರ ಸಪ್ತಕದ ಬಹುಪಾಲು ಸ್ವರಗಳಿಗೆ ಬೆರಳು ಮಧ್ಯ ಸಪ್ತಕದ ಹಾಗೇ ಇರುತ್ತೆ. ಬದಲಾಗೋದು ಗಾಳಿಯ ವೇಗ. ಹಾಗಾಗಿ ಮೇಲೆ ಹೋದಂತೆ ಸದ್ದು ಹೆಚ್ಚುತ್ತೆ. ಇವನು ಮಧ್ಯ ಷಡ್ಜ ಊದಿ ಗೇನ್ ಇಡ್ತಿದ್ದ, ತಾರ ಪಂಚಮ ಬಂದಾಗ ಸಿಗ್ನಲ್ ತಲೆ ಹೊಡೀತಿತ್ತು. ಅರ್ಧ ಚುಚ್ಚು ಅಲ್ಲೇ ಹುಟ್ಟಿತ್ತು. ಹಾಗೆ ಒಡೆದ ಸದ್ದನ್ನ ಆಮೇಲೆ ಯಾವ ಫಿಲ್ಟರೂ ಪೂರ್ತಿ ಸರಿ ಮಾಡಲ್ಲ.

ನಿಮ್ಮ ಅತಿ ಜೋರಿನ ತಾರ ಪಂಚಮ ಊದಿ, ಮೀಟರ್ -12 ಡಿಬಿ ದಾಟದ ಹಾಗೆ ಇಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಮಂದ್ರದ ಸ್ವರ ಮೀಟರಿನಲ್ಲಿ ಸಣ್ಣದಾಗಿ ಕಂಡರೂ ಚಿಂತೆ ಇಲ್ಲ, ಆಮೇಲೆ ಎತ್ತಬಹುದು.

ಚುಚ್ಚೋದು ಯಾಕೆ

ಇ ಬಾನ್ಸುರಿಯ ತಾರ ಷಡ್ಜ 659 ಹರ್ಟ್ಸ್, ತಾರ ಪಂಚಮ 988. ಇವು ತಾವೇ ಅಷ್ಟೇನೂ ಚುಚ್ಚೋ ಜಾಗ ಅಲ್ಲ. ಆದರೆ ಪಂಚಮದ ಎರಡು, ಮೂರನೇ ಹಾರ್ಮಾನಿಕ್‌ಗಳು ಸುಮಾರು 2000 ಮತ್ತು 3000 ಹರ್ಟ್ಸ್‌ಗೆ ಬೀಳ್ತವೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರೋದು 2000ದಿಂದ 5000 ಹರ್ಟ್ಸ್ ನಡುವೆ. ಸಾಲದ್ದಕ್ಕೆ ಗುರುಗಳು ಕೇಳ್ತಿದ್ದದ್ದು ಫೋನಿನ ಸ್ಪೀಕರಿನಲ್ಲಿ. ಅದರಲ್ಲಿ ಮಂದ್ರ ಸೊರಗುತ್ತೆ, ಇದೇ ಜಾಗ ಎದ್ದು ಕಾಣುತ್ತೆ.

ಫಿಲ್ಟರ್ ಮುಟ್ಟೋ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಸಮ ಊದುತ್ತಾ ತಾರ ಷಡ್ಜದಿಂದ ಪಂಚಮದ ತನಕ ನಿಧಾನ ಹತ್ತಿ. ಒಂದೇ ಒಂದು ಸ್ವರ ಎಗರಿದರೆ ಅದು ಕೋಣೆಯ ಆಟ. ಕುರ್ಚಿ, ಮೈಕ್ ಎರಡನ್ನೂ ಒಂದೆರಡು ಅಡಿ ಸರಿಸಿ, ಗೋಡೆಯ ಮೂಲೆಯಿಂದ ಹೊರಗೆ ಬನ್ನಿ. ಇವನಿಗೆ ಶುದ್ಧ ಮಧ್ಯಮ ಹೀಗೆ ಎಗರ್ತಿತ್ತು. ಬೀರುವಿನ ಮುಂದಿನಿಂದ ಮಂಚದ ಕಡೆ ಸರಿದ ಮೇಲೆ ಬಹಳ ಮಟ್ಟಿಗೆ ನಿಂತಿತು. ಎಲ್ಲಾ ಮೇಲಿನ ಸ್ವರಗಳೂ ಒಟ್ಟಿಗೆ ಚುಚ್ಚಿದರೆ ಮಾತ್ರ ಎಡಿಟಿಂಗ್‌ಗೆ ಬನ್ನಿ.

ಎಡಿಟಿಂಗ್: ಮೂರೇ ಕೆಲಸ

ಮೊದಲನೇದು, ಹೈ-ಪಾಸ್ ಫಿಲ್ಟರ್ 150 ಹರ್ಟ್ಸ್‌ಗೆ. 247 ಅದಕ್ಕಿಂತ ಸಾಕಷ್ಟು ಮೇಲಿರೋದರಿಂದ ಮಂದ್ರಕ್ಕೆ ಪೆಟ್ಟಾಗಲ್ಲ, ಉಳಿದ 'ಧುಪ್' ಹೋಗುತ್ತೆ. ನಿಮ್ಮ ಕೊಳಲು ಬೇರೆ ಶ್ರುತಿಯದ್ದಾದರೆ ಎಲ್ಲಾ ತೂತು ಮುಚ್ಚಿ ಊದಿ, ಟ್ಯೂನರ್ ಆ್ಯಪಿನಲ್ಲಿ ಹರ್ಟ್ಸ್ ಓದಿ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಫಿಲ್ಟರ್ ಇಡಿ. ಕರ್ನಾಟಕ ಸಂಗೀತದ ಗಿಡ್ಡ ಕೊಳಲಿಗೆ ಎಲ್ಲಾ ಅಂಕಿಗಳೂ ಮೇಲಕ್ಕೆ ಹೋಗ್ತವೆ, ಲೆಕ್ಕ ಇದೇ.

ಎರಡನೇದು, ಚುಚ್ಚಿಗೆ. ಸಾದಾ ಈಕ್ಯೂನಲ್ಲಿ 3000 ಹರ್ಟ್ಸ್ ಹತ್ತಿರ ಕತ್ತರಿಸಿಬಿಡೋದು ಸಾಮಾನ್ಯ ತಪ್ಪು. ಮಂದ್ರ ಸ್ವರಗಳ ಹೊಳಪೂ ಅದೇ ಜಾಗದಲ್ಲಿದೆ, ಕತ್ತರಿಸಿದರೆ ಅವು ಕಂಬಳಿ ಹೊದ್ದ ಹಾಗೆ ಆಗ್ತವೆ. ಬೇಕಾದ್ದು ಡೈನಾಮಿಕ್ ಈಕ್ಯೂ. ಅದು ಆ ಜಾಗದ ಸದ್ದು ಮಿತಿ ದಾಟಿದಾಗ ಮಾತ್ರ ತಗ್ಗಿಸುತ್ತೆ. ಉಚಿತವಾಗಿ ಸಿಗೋ `TDR Nova` ಸಾಕು. 2500 ಹರ್ಟ್ಸ್ ಹತ್ತಿರ ಒಂದು ಅಗಲದ ಬ್ಯಾಂಡ್ ತೆಗೆದುಕೊಳ್ಳಿ. ತಾರ ಪಂಚಮ ಇರೋ ತುಂಡನ್ನ ಮತ್ತೆ ಮತ್ತೆ ಕೇಳ್ತಾ, 3-4 ಡಿಬಿ ಇಳಿಯೋ ತನಕ ಮಿತಿಯನ್ನ ಕೆಳಗಿಳಿಸಿ. ಆಮೇಲೆ ಮಂದ್ರದ ತುಂಡು ಹಾಕಿ ನೋಡಿ. ಅಲ್ಲಿ ಬ್ಯಾಂಡ್ ಅಲ್ಲಾಡಬಾರದು, ಅಲ್ಲಾಡಿದರೆ ಮಿತಿ ಸ್ವಲ್ಪ ಮೇಲಕ್ಕೆ. ಇದಾದ ಮೇಲೂ ಒಂದೆರಡು ಸ್ವರ ಜೋರೆನಿಸಿದರೆ ಆ ತುಂಡಿನ ವಾಲ್ಯೂಮನ್ನೇ ಕೈಯಿಂದ 2 ಡಿಬಿ ಇಳಿಸಿ.

ಮೂರನೇದು, ನಡುವೆ ಉಸಿರು ಎಳೆದುಕೊಳ್ಳೋ ಸದ್ದು. ಅಳಿಸಬೇಡಿ. ಅಳಿಸಿದರೆ ಕೋಣೆಯ ಸದ್ದೂ ಹೋಗಿ, ಅಲ್ಲೊಂದು ಗುಂಡಿ ಬಿದ್ದ ಹಾಗೆ ಕೇಳಿಸುತ್ತೆ. ನಾಯ್ಸ್ ಗೇಟೂ ಬೇಡ, ಮೀಂಡಿನ ಕೊನೆಯ ಸಣ್ಣ ನಾದವನ್ನೂ ಅದು ಕಡಿದುಹಾಕುತ್ತೆ. ಉಸಿರಿನ ತುಂಡುಗಳನ್ನ ಮಾತ್ರ 6ರಿಂದ 8 ಡಿಬಿ ಇಳಿಸಿ ಬಿಡಿ.

ಕೊನೆಗೆ ಫೈಲನ್ನ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ವಾಯ್ಸ್ ನೋಟ್ ಮಾತಿಗೆ ಮಾಡಿದ್ದು, ಕೊಳಲಿನ ನಾದವನ್ನ ಅದು ಹಿಂಡಿಬಿಡುತ್ತೆ.

ಉಳಿದದ್ದು ಏನು

ಹೊಸ ರೆಕಾರ್ಡಿಂಗ್‌ನಲ್ಲಿ 'ಧುಪ್' ಇರಲಿಲ್ಲ, ಚುಚ್ಚು ಬಹಳ ಇಳಿದಿತ್ತು. ಆದರೆ ತಾರ ಗಾಂಧಾರದಿಂದ ಮೇಲೆ 'ಶ್' ಸ್ವಲ್ಪ ಉಳಿದಿತ್ತು. ಎರಡು ಮೀಟರ್ ಪರೀಕ್ಷೆಯಲ್ಲಿ ಅವನ ಹೆಂಡತಿಗೂ ಅದು ಅಷ್ಟೇ ಕೇಳಿಸಿತು. ಅಂದರೆ ಅದು ನಿಜವಾಗಿಯೂ ತುಟಿಯದ್ದು. ಅದನ್ನ ಸಾಫ್ಟ್‌ವೇರಿನಲ್ಲಿ ಒರೆಸೋಕೆ ಹೋಗಬೇಡ ಅಂದೆ, ಯಾಕಂದರೆ ಗುರುಗಳು ಕೇಳಬೇಕಾದ್ದು ಅದನ್ನೇ.

ಅವರಿಂದ ಬಂದ ಉತ್ತರ ಈ ಸಲ ಚಿಕ್ಕದು: "ಈಗ ಕೇಳಸ್ತು ನೋಡು. ಗಾಂಧಾರಕ್ಕ ಹೋಗೂಮುಂದ ತುಟಿ ಅಗಲ ಆಗ್ತದ. ಅದೊಂದ ತಿದ್ದಿಕೋ."