ಒತ್ತಕ್ಷರದಲ್ಲಿ ಎಡವುವ ಚಿತ್ರಗಾರ

ಕಾಲೇಜೊಂದರ ತಂತ್ರಜ್ಞಾನ ಸಂಘದಲ್ಲಿ ಭಾಷಣಕ್ಕೆ ಕರೆದಿದ್ದರು. ಮಾತಿಗೆ ಮೊದಲು, ಚಿತ್ರ ಬಿಡಿಸುವ ತಂತ್ರಾಂಶದಿಂದ ಮಾಡಿಸಿದ ಪೋಸ್ಟರ್ ಒಂದನ್ನು ಪರದೆಯ ಮೇಲೆ ತೋರಿಸಿದೆ. ಅರಿಸಿನ ಕುಂಕುಮ ಬಣ್ಣದ ಬಾವುಟ, ಡೊಳ್ಳು ಬಾರಿಸುವವನ ಹಣೆಯ ಮೇಲಿನ ಬೆವರ ಹನಿ, ಎಲ್ಲವೂ ಕಣ್ಣಿಗೆ ಕಟ್ಟುವಂತಿದ್ದವು. ‘ರಾಜ್ಯೋತ್ಸವ’ ಎಂದಿರಬೇಕಾದಲ್ಲಿ ಮಾತ್ರ ಕನ್ನಡದಂತೆ ಕಾಣುವ, ಯಾರಿಗೂ ಓದಲು ಬಾರದ ಸುರುಳಿಗಳಿದ್ದವು. ಬೆವರನ್ನು ಬಿಡಿಸಬಲ್ಲದ್ದು ನಾಲ್ಕಕ್ಷರಕ್ಕೆ ಸೋತದ್ದೇಕೆ?

ಈ ತಂತ್ರಾಂಶ ನಮ್ಮಂತೆ ಗೆರೆ ಎಳೆಯುವುದಿಲ್ಲ. ಅದನ್ನು ತಯಾರಿಸುವಾಗ, ವಿವರಣೆ ಸಹಿತವಾದ ಕೋಟ್ಯಂತರ ಚಿತ್ರಗಳ ಮೇಲೆ ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುವಂಥ ಚುಕ್ಕೆಗಳನ್ನು ಎರಚಿ, ಆ ಚುಕ್ಕೆಗಳನ್ನು ಗುರುತಿಸಿ ತೆಗೆಯುವುದನ್ನು ಕಲಿಸುತ್ತಾರೆ. ನಾವು ಚಿತ್ರ ಕೇಳಿದಾಗ ಅದು ಬರೀ ಚುಕ್ಕೆಗಳಿಂದಲೇ ಶುರುಮಾಡಿ, ಇಪ್ಪತ್ತು ಮೂವತ್ತು ಹಂತಗಳಲ್ಲಿ, ನಾವು ಹೇಳಿದ ಮಾತಿಗೆ ಹೊಂದುವಂತೆ ಅವನ್ನು ತಿಳಿಯಾಗಿಸುತ್ತ ಹೋಗುತ್ತದೆ.

2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಅನ್ನೇ ನೋಡಿ. ಅದರ ಚಿತ್ರ ಅಡ್ಡಕ್ಕೆ 512, ಉದ್ದಕ್ಕೆ 512 ಪಿಕ್ಸೆಲ್. ಆದರೆ ಒಳಗಿನ ಕೆಲಸವೆಲ್ಲ ನಡೆಯುವುದು 64ಕ್ಕೆ 64 ಮನೆಗಳ ಪುಟ್ಟ ಜಾಲರಿಯಲ್ಲಿ. ಎಂದರೆ ಒಂದೊಂದು ಮನೆಯೂ 64 ಪಿಕ್ಸೆಲ್‌ಗಳ ಸಾರ. ಸಣ್ಣದಾಗಿ ಬರೆದ ಅಕ್ಷರದ ಒತ್ತು ಒಂದೆರಡು ಮನೆಯೊಳಗೇ ಮುದುಡಿಹೋಗುತ್ತದೆ. ಬೆವರ ಹನಿ ಸ್ವಲ್ಪ ಆಚೀಚೆಯಾದರೂ ಬೆವರೇ. ‘ಜ’ಕಾರದ ಕೆಳಗಿನ ‘ಯ’ ಒತ್ತು ಅಷ್ಟೇ ಆಚೀಚೆಯಾದರೆ ಪದವೇ ಕೆಟ್ಟಿತು. ಸಾಲದ್ದಕ್ಕೆ ಅದು ಕಲಿತ ವಿವರಣೆಗಳು ಬಹುಪಾಲು ಇಂಗ್ಲಿಷಿನವು. ಕನ್ನಡ ಫಲಕಗಳನ್ನು ಅದು ಕಂಡಿರುವುದೇ ಕಡಿಮೆ.

“ಸರ್, ಹತ್ತು ಸಲ ಮಾಡಿಸಿದರೆ ಒಂದು ಸಲವಾದರೂ ಸರಿ ಬರಲ್ವಾ?” ಎಂದು ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಪ್ರತಿ ಸಲವೂ ಅದು ಹೊಸ ಚುಕ್ಕೆಗಳಿಂದ ಆರಂಭಿಸುತ್ತದೆ, ಹಿಂದಿನ ತಪ್ಪಿನಿಂದ ಏನನ್ನೂ ಕಲಿತಿರುವುದಿಲ್ಲ. ಹತ್ತು ಸಲ ಮಾಡಿಸಿದರೆ ಹತ್ತು ಬಗೆಯ ಸುರುಳಿಗಳು ಸಿಕ್ಕಾವು. ಎಂಟು ಜನ ಕುಣಿಯಬೇಕೆಂದರೆ ಏಳೋ ಒಂಬತ್ತೋ ಮಂದಿ ಬರುವುದೂ ಇದೆ, ಏಕೆಂದರೆ ಅದು ಎಣಿಸುವುದಿಲ್ಲ, ಗುಂಪಿನಂತೆ ಕಾಣುವುದನ್ನು ಬಿಡಿಸುತ್ತದೆ. ಈಚಿನ ತಂತ್ರಾಂಶಗಳು ಇಂಗ್ಲಿಷ್ ಫಲಕಗಳನ್ನು ಬಹಳ ಮಟ್ಟಿಗೆ ಸರಿಯಾಗಿ ಬರೆಯುತ್ತವೆ. ಕನ್ನಡವನ್ನು ಮಾತ್ರ ನೋಡದೆ ನಂಬುವಂತಿಲ್ಲ.

ಹಾಗಾಗಿ ಕೆಲಸವನ್ನು ಎರಡಾಗಿ ಹಂಚಿಕೊಳ್ಳಿ ಎಂದೆ. ‘ಮೇಲಿನ ಕಾಲುಭಾಗ ಬರೀ ಆಕಾಶವಿರಲಿ’ ಎಂದು ಕೇಳಿ ಚಿತ್ರ ಮಾಡಿಸಿ. ‘ಅಕ್ಷರ ಬೇಡ’ ಎಂದು ವಿವರಣೆಯಲ್ಲೇ ಬರೆದರೆ ಅಕ್ಷರಗಳೇ ಬಂದು ಕೂರುವುದುಂಟು, ಬೇಡದ್ದನ್ನು ಬರೆಯಲು ಎಷ್ಟೋ ತಂತ್ರಾಂಶಗಳಲ್ಲಿ ಬೇರೆಯೇ ಚೌಕವಿರುತ್ತದೆ. ಆಮೇಲೆ ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು, ಯೂನಿಕೋಡ್ ಫಾಂಟಿನಲ್ಲಿ ‘ರಾಜ್ಯೋತ್ಸವ’ ಎಂದು ನೀವೇ ಟೈಪ್ ಮಾಡಿ. ಪ್ರೆಸ್ಸಿಗೆ ಕಳಿಸುವ ಮುನ್ನ ಚಿತ್ರವನ್ನು ದೊಡ್ಡದು ಮಾಡಿ, ಹಿನ್ನೆಲೆಯ ಅಂಗಡಿಗಳ ಬೋರ್ಡನ್ನೂ ಬಿಡದೆ ಓದಿ ನೋಡಿ.